ಚೌಕ ದವಡೆ, ಅಗಲ ಹಣೆ, ಅಲೆಗೂದಲು: ಕತ್ತರಿ ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನನ್ನ ದವಡೆ ಚೌಕಾಕಾರವಾಗಿದೆ, ಹಣೆಯೂ ಅಗಲ ಮತ್ತು ಎತ್ತರ. ಕೂದಲು ಅಲೆಯಲೆಯಾಗಿದೆ, ತೀರಾ ದಟ್ಟವೂ ಅಲ್ಲ, ತೆಳುವೂ ಅಲ್ಲ. ಒಮ್ಮೆ ಗದ್ದದ ಮಟ್ಟಕ್ಕೆ ಬಾಬ್ ಮಾಡಿಸಿದಾಗ ಮುಖ ಇನ್ನಷ್ಟು ಅಗಲವಾಗಿ ಕಂಡಿತು. ಈಗ ಭುಜದಿಂದ ನಾಲ್ಕು ಬೆರಳು ಕೆಳಗೆ ಬೆಳೆದಿದೆ, ಆದರೆ ತುದಿಯಲ್ಲಿ ಮಾತ್ರ ಹರಡಿಕೊಳ್ಳುತ್ತದೆ. ಹಣೆ ಮುಚ್ಚಲು ಬ್ಯಾಂಗ್ಸ್ ಕತ್ತರಿಸಬಹುದೇ? ನನಗೆ ಯಾವ ಕಟ್ ಹೊಂದುತ್ತದೆ?

ಉತ್ತರ: ನಿಮಗೆ ನಾನು ಸೂಚಿಸುವುದು ಕಾಲರ್‌ಬೋನ್ ಮಟ್ಟಕ್ಕೆ ನಿಲ್ಲುವ ಉದ್ದ, ಹಿಂಭಾಗದಲ್ಲಿ ಕೆಲವೇ ಉದ್ದನೆಯ ಲೇಯರ್‌ಗಳು, ಮುಂಭಾಗದಲ್ಲಿ ಕೆನ್ನೆಮೂಳೆಯಿಂದ ಶುರುವಾಗಿ ದವಡೆಯನ್ನು ದಾಟಿ ಕೆಳಗಿಳಿಯುವ ಎಳೆಗಳು, ಮತ್ತು ಹಣೆಗೆ ಎರಡೂ ಬದಿಗೆ ಸರಿದು ನಿಲ್ಲುವ ಉದ್ದನೆಯ ಕರ್ಟನ್ ಬ್ಯಾಂಗ್ಸ್. ಆದರೆ ಈ ಹೆಸರುಗಳನ್ನಷ್ಟೇ ಸಲೂನಿನಲ್ಲಿ ಹೇಳಿದರೆ ಸಾಲದು. ಇದೇ ಹೆಸರಿನ ಕಟ್ ಒಂದು ಇಂಚು ಆಚೀಚೆ ಆದರೂ ನಿಮ್ಮ ಹಳೆಯ ಬಾಬ್ ಮಾಡಿದ್ದನ್ನೇ ಮಾಡಬಲ್ಲದು. ನಿಮ್ಮಂಥ ಮುಖಕ್ಕೂ ಕೂದಲಿಗೂ ಫಲಿತಾಂಶವನ್ನು ನಿರ್ಧರಿಸುವುದು, ಒಣಗಿದ ಮೇಲೆ ಕೂದಲು ಎಲ್ಲಿ ಅತ್ಯಂತ ಅಗಲವಾಗಿ ಹರಡುತ್ತದೆ ಎಂಬ ಒಂದೇ ಸಂಗತಿ. ಆದ್ದರಿಂದ ಅದನ್ನೇ ವಿವರವಾಗಿ ನೋಡೋಣ.

ಚೌಕ ಮುಖದಲ್ಲಿ ಹಣೆಯ ಎರಡು ಮೂಲೆಗಳ ನಡುವಿನ ಅಗಲ, ಕೆನ್ನೆಮೂಳೆಗಳ ಅಗಲ ಮತ್ತು ದವಡೆಯ ಮೂಲೆಗಳ ಅಗಲ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ನೋಡುವವರ ಕಣ್ಣು ಮುಖದ ಅಗಲವನ್ನು ಅದರ ಪಕ್ಕದಲ್ಲಿರುವ ಕೂದಲಿನ ಜೊತೆ ಸೇರಿಸಿ ಅಳೆಯುತ್ತದೆಯೇ ಹೊರತು ಬಿಡಿಯಾಗಿ ಅಳೆಯುವುದಿಲ್ಲ. ಕೂದಲಿನ ರಾಶಿ ದವಡೆಯ ಪಕ್ಕದಲ್ಲಿ ಉಬ್ಬಿದರೆ ದವಡೆ ಅಗಲವಾಗಿ ಕಾಣುತ್ತದೆ. ಕೆನ್ನೆಮೂಳೆಯ ಪಕ್ಕದಲ್ಲಿ ಉಬ್ಬಿ ದವಡೆಯ ಹತ್ತಿರ ಒಳಸರಿದರೆ ಮುಖದ ಮಧ್ಯಭಾಗ ಅಗಲವಾಗಿ, ಮೇಲೂ ಕೆಳಗೂ ಕಿರಿದಾಗಿ ಕಾಣುತ್ತದೆ. ಅಂದರೆ ದವಡೆಯನ್ನು ಕೂದಲಿನಿಂದ ಮುಚ್ಚುವ ಅಗತ್ಯವೇ ಇಲ್ಲ. ಮುಚ್ಚಲು ಹೋಗಿ ಅದರ ಪಕ್ಕದಲ್ಲೇ ಕೂದಲಿನ ರಾಶಿ ಬೆಳೆಸುವುದೇ ಬಹುಪಾಲು ತಪ್ಪು ಕಟ್‌ಗಳ ಮೂಲ.

ಅಲೆಗೂದಲಿಗೆ ಇಲ್ಲಿ ಅದರದೇ ಆದ ಒಂದು ತೊಡಕಿದೆ. ಎಲ್ಲ ಎಳೆಗಳೂ ಒಂದೇ ಉದ್ದದಲ್ಲಿದ್ದರೆ, ಬುಡದ ಹತ್ತಿರ ಕೂದಲು ತನ್ನ ಭಾರಕ್ಕೆ ಜಗ್ಗಿ ತಲೆಗೆ ಅಂಟಿಕೊಳ್ಳುತ್ತದೆ, ಭಾರ ಕಡಿಮೆಯಾಗುತ್ತಾ ಬಂದ ಹಾಗೆ ಅಲೆಗಳು ಬಿಚ್ಚಿಕೊಂಡು ತುದಿಯಲ್ಲಿ ಹರಡುತ್ತವೆ. ಮೇಲೆ ಚಪ್ಪಟೆ, ಕೆಳಗೆ ಅಗಲವಾದ ಗಂಟೆಯ ಆಕಾರ ಬರುವುದು ಹೀಗೆ. ನಿಮ್ಮ ಕೂದಲು ಈಗ ಮಾಡುತ್ತಿರುವುದೂ ಇದನ್ನೇ. ಭುಜದ ಕೆಳಗಿರುವುದರಿಂದ ಅದು ಮುಖಕ್ಕೆ ಅಷ್ಟಾಗಿ ತಟ್ಟುತ್ತಿಲ್ಲ, ಅಷ್ಟೆ. ಬಾಬ್ ಮಾಡಿಸಿದಾಗ ಆ ಗಂಟೆಯ ಬಾಯಿ ನೇರವಾಗಿ ದವಡೆಯ ಮಟ್ಟಕ್ಕೆ ಬಂದು ನಿಂತಿತು. ಅದರ ಜೊತೆಗೆ ಬಾಬ್‌ನ ನೇರವಾದ ಅಂಚು ದವಡೆಯ ಗೆರೆಗೆ ಸಮಾನಾಂತರವಾದ ಇನ್ನೊಂದು ಅಡ್ಡಗೆರೆಯನ್ನೂ ಎಳೆಯಿತು.

ಗದ್ದದ ಮಟ್ಟ ಎಂದು ಹೇಳಿದ್ದು ದವಡೆಯ ಮೂಲೆಗೆ ಹೇಗೆ ಬಂತು ಎಂಬುದಕ್ಕೆ ಉತ್ತರ ಕೂದಲಿನ ಕುಗ್ಗುವಿಕೆಯಲ್ಲಿದೆ. ಒದ್ದೆ ಕೂದಲನ್ನು ಬಾಚಿ ಎಳೆದಾಗ ಅಲೆ ನೇರವಾಗಿ ಉದ್ದ ಹೆಚ್ಚಾಗಿ ಕಾಣುತ್ತದೆ, ಒಣಗಿದಾಗ ಅಲೆ ಮರಳಿ ಬಂದು ಎಳೆ ಮೇಲಕ್ಕೇರುತ್ತದೆ. ಎಷ್ಟು ಏರುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ, ಆದ್ದರಿಂದ ಸಲೂನಿಗೆ ಹೋಗುವ ಮೊದಲು ನೀವೇ ಅಳೆದುಕೊಳ್ಳಿ. ಕಿವಿಯ ಮೇಲ್ಭಾಗದಿಂದ ಪೆನ್ಸಿಲ್ ದಪ್ಪದ ಒಂದು ಎಳೆಯನ್ನು ಆರಿಸಿ, ಒದ್ದೆಯಿದ್ದಾಗ ಬಾಚಿ ಇಳಿಬಿಟ್ಟು ಟೇಪಿನಿಂದ ಅಳೆಯಿರಿ. ನಂತರ ಕೈ ಹಾಕದೆ ತಾನಾಗಿ ಒಣಗಲು ಬಿಟ್ಟು, ಅದೇ ಎಳೆಯನ್ನು ಎಳೆಯದೆ ಮತ್ತೆ ಅಳೆಯಿರಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒದ್ದೆಯಲ್ಲಿ 11 ಇಂಚು ಇದ್ದದ್ದು ಒಣಗಿ 9.5 ಇಂಚಿಗೆ ಬಂತು ಎಂದರೆ, ಈ ಕೂದಲು ಒಂದೂವರೆ ಇಂಚು, ಅಂದರೆ ಸುಮಾರು ಏಳನೇ ಒಂದು ಭಾಗದಷ್ಟು ಕುಗ್ಗುತ್ತದೆ. ಇದೇ ಲೆಕ್ಕದಲ್ಲಿ ಏಳು ಇಂಚಿನ ಎಳೆ ಒಂದು ಇಂಚು ಮೇಲೇರಬೇಕು. ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಏರುತ್ತದೆ, ಏಕೆಂದರೆ ಕತ್ತರಿಸಿದ ಮೇಲೆ ಎಳೆಯ ಭಾರ ಕಡಿಮೆಯಾಗಿ ಅಲೆ ಇನ್ನಷ್ಟು ಬಿಗಿಯುತ್ತದೆ. ದವಡೆಯ ಮೂಲೆ ಸಾಮಾನ್ಯವಾಗಿ ಗದ್ದದ ತುದಿಗಿಂತ ಒಂದರಿಂದ ಒಂದೂವರೆ ಇಂಚು ಮೇಲಿರುತ್ತದೆ. ಒದ್ದೆ ಕೂದಲನ್ನು ಗದ್ದದ ಮಟ್ಟಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಅದರ ತುದಿ ಬಂದು ನಿಲ್ಲುವುದು ಸರಿಯಾಗಿ ಆ ಮೂಲೆಯ ಪಕ್ಕದಲ್ಲಿ. ಗದ್ದದಿಂದ ಒಂದು ಇಂಚು ಕೆಳಗೆ ಎಂದು ಹೇಳಿ ಕತ್ತರಿಸಿದರೂ ಅದು ಗದ್ದದ ಮಟ್ಟಕ್ಕೇ ಮರಳುತ್ತದೆ. ಹಾಗಾಗಿ ನಿಮ್ಮ ಕೂದಲಿಗೆ ದವಡೆಯಿಂದ ಸಾಕಷ್ಟು ದೂರ ಇರುವ, ಕುಗ್ಗಿದರೂ ತೊಂದರೆಯಾಗದ ಸ್ಥಳ ಎಂದರೆ ಕಾಲರ್‌ಬೋನ್. ಈಗಿನ ಉದ್ದದಿಂದ ಒಂದೂವರೆಯಿಂದ ಎರಡು ಇಂಚು ಮಾತ್ರ ಕಡಿಮೆಯಾಗುತ್ತದೆ. ಒಣಗಿದ ಮೇಲೆ ಕಾಲರ್‌ಬೋನ್‌ಗೆ ಬರಬೇಕೆಂದರೆ ಒದ್ದೆಯಲ್ಲಿ ಅದಕ್ಕಿಂತ ಒಂದೂವರೆ ಇಂಚು ಕೆಳಗೆ ಕತ್ತರಿ ನಿಲ್ಲಬೇಕು ಎಂಬುದನ್ನು ಮರೆಯಬೇಡಿ. ಸರಿಯಾಗಿ ಭುಜದ ಮೇಲೆ ಕೂರುವ ಉದ್ದವನ್ನೂ ತಪ್ಪಿಸಿ. ಭುಜಕ್ಕೆ ತಾಗಿದ ತುದಿಗಳು ಹೊರಕ್ಕೆ ಮಡಚಿಕೊಂಡು ಕುತ್ತಿಗೆಯ ಹತ್ತಿರ ಅನಗತ್ಯ ಅಗಲವನ್ನು ಕೊಡುತ್ತವೆ.

ಉದ್ದ ನಿರ್ಧಾರವಾದ ಮೇಲೆ ಅಗಲವನ್ನು ಕೆನ್ನೆಮೂಳೆಗೆ ಏರಿಸುವ ಕೆಲಸ ಉಳಿಯುತ್ತದೆ. ಇದನ್ನು ಮಾಡುವುದು ಮುಖದ ಎರಡೂ ಪಕ್ಕದ ಎಳೆಗಳು. ಕನ್ನಡಿಯ ಮುಂದೆ ನಿಂತು ಒಂದು ಒಣ ಎಳೆಯನ್ನು ಹತ್ತಿರದಿಂದ ಗಮನಿಸಿ. ಅದು ಒಮ್ಮೆ ಹೊರಕ್ಕೆ ಉಬ್ಬಿ, ಮತ್ತೆ ಒಳಕ್ಕೆ ಬಾಗಿ, ಮತ್ತೆ ಹೊರಕ್ಕೆ ಉಬ್ಬುತ್ತಾ ಇಳಿಯುತ್ತದೆ. ಹೊರಕ್ಕೆ ಉಬ್ಬಿದ ಭಾಗ ದವಡೆಯ ಮೂಲೆಯ ನೇರಕ್ಕೆ ಬಂದರೆ ಆ ಮೂಲೆ ಎದ್ದು ಕಾಣುತ್ತದೆ. ಒಳಬಾಗಿದ ಭಾಗ ಅಲ್ಲಿಗೆ ಬಂದರೆ ಅದು ಮೂಲೆಯನ್ನು ಸವರಿಕೊಂಡು ಗೆರೆಯನ್ನು ಮೃದುಗೊಳಿಸುತ್ತದೆ. ಎಳೆಯ ತುದಿಯನ್ನು ಅರ್ಧ ಇಂಚು ಕತ್ತರಿಸಿದರೂ ಈ ಉಬ್ಬು ಜಾಗ ಬದಲಿಸುತ್ತದೆ. ಒದ್ದೆ ಕೂದಲಿನಲ್ಲಿ ಉಬ್ಬು ಕಾಣುವುದೇ ಇಲ್ಲ. ಈ ಕಾರಣದಿಂದಲೇ ಹಿಂಭಾಗವನ್ನು ಒದ್ದೆಯಲ್ಲಿ ಕತ್ತರಿಸಿದರೂ ಮುಖದ ಪಕ್ಕದ ಎಳೆಗಳನ್ನು ಒಣಗಿಸಿದ ಮೇಲೆ, ಒಂದೊಂದಾಗಿ ಹಿಡಿದು, ಬಿಟ್ಟು, ನೋಡಿ ಕತ್ತರಿಸಬೇಕೆಂದು ನಾನು ಒತ್ತಿ ಹೇಳುವುದು. ಇವುಗಳಲ್ಲಿ ಅತಿ ಚಿಕ್ಕ ಎಳೆ ಒಣಗಿದ ಸ್ಥಿತಿಯಲ್ಲಿ ಕೆನ್ನೆಮೂಳೆಯ ಉಬ್ಬಿಗೂ ಮೇಲ್ತುಟಿಗೂ ನಡುವೆ ಮುಗಿಯಬೇಕು. ಅದರ ನಂತರದ ಎಳೆಗಳು ಓರೆಯಾಗಿ ಉದ್ದವಾಗುತ್ತಾ ಹೋಗಿ ಕಾಲರ್‌ಬೋನಿನ ಉದ್ದವನ್ನು ಸೇರಬೇಕು. ಯಾವ ಎಳೆಗಳ ಗುಂಪೂ ಕಿವಿಯ ಹಾಲೆಯ ಕೆಳಗಿನಿಂದ ಗದ್ದದವರೆಗಿನ ಜಾಗದಲ್ಲಿ ಒಟ್ಟಾಗಿ ಮುಗಿಯಬಾರದು. ಆ ಜಾಗದ ಮೂಲಕ ಕೂದಲು ಹಾದು ಹೋಗಬಹುದು, ಅಲ್ಲಿ ನಿಲ್ಲಬಾರದು.

ಹಿಂಭಾಗದ ಲೇಯರ್‌ಗಳ ಬಗ್ಗೆ ಸಂಯಮ ಬೇಕು. ಲೇಯರ್ ಹೆಚ್ಚಾದಷ್ಟೂ ಗಂಟೆಯಾಕಾರ ಹೋಗುತ್ತದೆ ಎಂಬ ನಂಬಿಕೆ ಬಹಳ ದಟ್ಟವಾದ ಕೂದಲಿಗೆ ಹೊಂದಬಹುದು, ಮಧ್ಯಮ ಕೂದಲಿಗೆ ಹೊಂದುವುದಿಲ್ಲ. ಒಂದೊಂದು ಎಳೆಯ ದಪ್ಪವೇ ಬೇರೆ, ತಲೆಯ ಮೇಲೆ ಒಟ್ಟು ಎಷ್ಟು ಕೂದಲಿದೆ ಎಂಬುದೇ ಬೇರೆ. ಇಲ್ಲಿ ಲೆಕ್ಕಕ್ಕೆ ಬರುವುದು ಎರಡನೆಯದು. ಕೂದಲನ್ನು ಹಿಂದೆ ಒಂದೇ ಜುಟ್ಟಾಗಿ ಹಿಡಿದು ಬುಡದ ಸುತ್ತಳತೆ ತೆಗೆದರೆ ಅದು ಸುಮಾರು 3 ಇಂಚಿನ ಆಸುಪಾಸಿನಲ್ಲಿದ್ದರೆ ಮಧ್ಯಮವೆಂದು ತಿಳಿಯಿರಿ. ಅಂಥ ಕೂದಲಿನಲ್ಲಿ ನೆತ್ತಿಯ ಎಳೆಗಳನ್ನು ತೀರಾ ಚಿಕ್ಕದಾಗಿಸಿದರೆ ಮೇಲ್ಭಾಗ ಉಬ್ಬುತ್ತದೆ, ತುದಿಯಲ್ಲಿ ನಾಲ್ಕಾರು ಬಡ ಎಳೆಗಳು ಮಾತ್ರ ಉಳಿಯುತ್ತವೆ. ಹಿಂಭಾಗದಲ್ಲಿ ಅತಿ ಚಿಕ್ಕ ಎಳೆಗೂ ಅತಿ ಉದ್ದದ ಎಳೆಗೂ ಎರಡೂವರೆಯಿಂದ ಮೂರು ಇಂಚಿನ ಅಂತರ ಸಾಕು. ಕೆಳಗಿನ ಭಾರ ಕರಗುವಷ್ಟು, ತುದಿ ತೆಳುವಾಗದಷ್ಟು.

ಭಾರ ಕಡಿಮೆ ಮಾಡಲು ಬಳಸುವ ಸಾಧನದ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಹಲ್ಲುಗಳಿರುವ ಥಿನ್ನಿಂಗ್ ಕತ್ತರಿಯನ್ನು ಬುಡದ ಹತ್ತಿರ ಆಡಿಸಲು ಬಿಡಬೇಡಿ. ಆ ದಿನ ಕೂದಲು ಹಗುರವಾಗಿ ಕಾಣುತ್ತದೆ. ಕೆಲವು ವಾರಗಳಲ್ಲಿ ಒಳಗಿನ ತುಂಡು ಕೂದಲು ಬೆಳೆದು ನಿಂತು ಮೇಲಿನ ಉದ್ದ ಕೂದಲನ್ನು ಹೊರಕ್ಕೆ ತಳ್ಳತೊಡಗುತ್ತದೆ. ನಿಮಗೆ ಬೇಡವಾದ ಅಗಲ ಆಗ ಒಳಗಿನಿಂದಲೇ ಹುಟ್ಟುತ್ತದೆ, ಅದನ್ನು ಸರಿಪಡಿಸಲು ಆ ತುಂಡುಗಳು ಬೆಳೆಯುವವರೆಗೆ ಕಾಯುವುದನ್ನು ಬಿಟ್ಟು ದಾರಿಯಿಲ್ಲ. ರೇಜರ್‌ನಿಂದ ಕತ್ತರಿಸುವುದೂ ಅಲೆಗೂದಲಿಗೆ ಒಳ್ಳೆಯದಲ್ಲ, ಓರೆಯಾಗಿ ಕೆರೆಯಲ್ಪಟ್ಟ ತುದಿ ಬೇಗ ಸೀಳಿ ಕೆದರುತ್ತದೆ. ಸಾಮಾನ್ಯ ಹರಿತವಾದ ಕತ್ತರಿಯ ಮೊನೆಯನ್ನು ತುದಿಗಳೊಳಗೆ ಲಂಬವಾಗಿ ಇಳಿಸಿ, ಕೊನೆಯ ಒಂದು ಇಂಚಿನಲ್ಲಷ್ಟೇ ಅಂಚನ್ನು ಒಡೆದರೆ ಅಡ್ಡಗೆರೆ ಮಾಯವಾಗುತ್ತದೆ, ದಟ್ಟಣೆಯೂ ಉಳಿಯುತ್ತದೆ.

ಇನ್ನು ಹಣೆಯ ವಿಷಯ. ಹಣೆಯ ಮೇಲೆ ನೇರವಾಗಿ, ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ದಟ್ಟ ಬ್ಯಾಂಗ್ಸ್ ನಿಮಗೆ ಬೇಡ ಎಂದೇ ಹೇಳುತ್ತೇನೆ. ಅದು ಹಣೆಯನ್ನು ಮುಚ್ಚುತ್ತದೆ, ನಿಜ. ಆದರೆ ಹಾಗೆ ಮುಚ್ಚಿದಾಗ ಮುಖದ ಮೇಲಿನ ಮೂರನೇ ಒಂದು ಭಾಗ ಕಾಣೆಯಾಗಿ ಉಳಿದ ಮುಖ ಗಿಡ್ಡವಾಗಿ, ಆದ್ದರಿಂದ ಇನ್ನಷ್ಟು ಚೌಕವಾಗಿ ಕಾಣುತ್ತದೆ. ಮೇಲೆ ಒಂದು ಅಡ್ಡಗೆರೆ, ಕೆಳಗೆ ದವಡೆಯ ಅಡ್ಡಗೆರೆ ಸೇರಿ ಚೌಕಟ್ಟು ಪೂರ್ಣವಾಗುತ್ತದೆ. ಅಲೆಗೂದಲಾದ್ದರಿಂದ ಅದು ನೇರವಾಗಿ ನಿಲ್ಲುವುದೂ ಇಲ್ಲ. ತೇವವಿರುವ ಗಾಳಿಯಲ್ಲಿ ಅರ್ಧ ಹಣೆಗೆ ಏರಿ ಕೂರುತ್ತದೆ.

ಕರ್ಟನ್ ಬ್ಯಾಂಗ್ಸ್ ಹಣೆಯನ್ನು ಮುಚ್ಚುವುದಿಲ್ಲ, ಅದರ ಎರಡು ಮೇಲ್ಮೂಲೆಗಳನ್ನು ಮಾತ್ರ ಮುಚ್ಚುತ್ತದೆ. ನಡುವಿನಲ್ಲಿ ಕಿರಿದಾದ ಒಂದು ಭಾಗ ತೆರೆದಿರುತ್ತದೆ, ಆ ಎತ್ತರ ಮುಖಕ್ಕೆ ಉದ್ದವನ್ನು ಕೊಡುತ್ತದೆ. ನಿಮ್ಮ ಹಣೆಯ ಅಗಲ ತೊಂದರೆಯಾದರೂ ಅದರ ಎತ್ತರ ಇಲ್ಲಿ ಲಾಭವೇ. ಇದನ್ನು ಕತ್ತರಿಸಲು ತ್ರಿಕೋನಾಕಾರದ ಒಂದು ಭಾಗವನ್ನು ಬೇರ್ಪಡಿಸುತ್ತಾರೆ: ಅದರ ತುದಿ ಮುಂದಿನ ಕೂದಲಂಚಿನಿಂದ ಒಂದೂವರೆಯಿಂದ ಎರಡು ಇಂಚು ಹಿಂದೆ, ತಲೆ ಹಿಂದಕ್ಕೆ ಬಾಗತೊಡಗುವ ಜಾಗದಲ್ಲಿರಬೇಕು, ಕೆಳಗಿನ ಎರಡು ಮೂಲೆಗಳು ಹುಬ್ಬಿನ ಹೊರತುದಿಯ ನೇರಕ್ಕಿರಬೇಕು. ಈ ಮೂಲೆಗಳು ಹುಬ್ಬನ್ನು ದಾಟಿ ಕಿವಿಯ ಕಡೆಗೆ ಹೋದರೆ ಕೆನ್ನೆಯ ಪಕ್ಕದಲ್ಲಿ ಇರಬೇಕಾದ ಕೂದಲು ಬ್ಯಾಂಗ್ಸ್‌ಗೆ ಖರ್ಚಾಗಿ, ಕಣತಲೆಯ ಬಳಿ ಖಾಲಿ ಕಾಣುತ್ತದೆ. ಮಧ್ಯಮ ಕೂದಲಿನಲ್ಲಿ ಹೀಗೆ ಖರ್ಚು ಮಾಡಲು ಹೆಚ್ಚು ಉಳಿತಾಯವಿರುವುದಿಲ್ಲ. ಬೇರ್ಪಡಿಸಿದ ಭಾಗವನ್ನು ಮೂಗಿನ ನೇರಕ್ಕೆ ಮುಂದೆ ತಂದು ಕತ್ತರಿಸಿದಾಗ ನಡುವಿನ ಎಳೆಗಳು ಚಿಕ್ಕದಾಗಿ, ಬದಿಯ ಎಳೆಗಳು ತಾವಾಗಿ ಉದ್ದವಾಗಿ ಉಳಿಯುತ್ತವೆ.

ಮೊದಲ ಕತ್ತರಿ ಒಣ ಕೂದಲಿನಲ್ಲಿ ಮೂಗಿನ ತುದಿಯ ಮಟ್ಟದಲ್ಲಿ ಬೀಳಲಿ. ಅಲ್ಲಿಂದ ಕಾಲು ಇಂಚು, ಕಾಲು ಇಂಚಾಗಿ ಏರಿಸಿ, ನಡುವಿನ ಎಳೆ ಮೂಗಿನ ಸೇತುವೆಯ ಮಟ್ಟಕ್ಕೂ ಬದಿಯ ಎಳೆ ಕೆನ್ನೆಮೂಳೆಯ ಮಟ್ಟಕ್ಕೂ ಬಂದಾಗ ನಿಲ್ಲಿಸಬೇಕು. ಈ ಬದಿಯ ಎಳೆಯೇ ನಾನು ಮೊದಲು ಹೇಳಿದ ಮುಖದ ಪಕ್ಕದ ಎಳೆಗಳಿಗೆ ಮೊದಲ ಮೆಟ್ಟಿಲು. ಬ್ಯಾಂಗ್ಸ್ ಮುಗಿದು ಪಕ್ಕದ ಎಳೆ ಶುರುವಾಗುವಲ್ಲಿ ಒಮ್ಮೆಲೇ ಎರಡು ಇಂಚಿನ ಜಿಗಿತ ಕಂಡರೆ ಕೆಲಸ ಪೂರ್ತಿಯಾಗಿಲ್ಲ ಎಂದರ್ಥ. ಎರಡನ್ನೂ ಸೇರಿಸಿಕೊಡಲು ಅಲ್ಲೇ ಕೇಳಿ.

ಬೈತಲೆಯನ್ನು ನಟ್ಟನಡುವೆ ತೆಗೆದರೆ ಮುಖದ ಎರಡೂ ಬದಿ ಒಂದೇ ಸಮ ಎಂದು ಒತ್ತಿ ತೋರಿಸಿದಂತಾಗುತ್ತದೆ, ಮೂಲೆಗಳು ಎದ್ದು ಕಾಣುತ್ತವೆ. ಅರ್ಧದಿಂದ ಒಂದು ಇಂಚು ಪಕ್ಕಕ್ಕೆ ಸರಿಸಿದರೆ ಸಾಕು. ತೀರಾ ಪಕ್ಕಕ್ಕೆ ಹೋದರೆ ಕರ್ಟನ್ ಬ್ಯಾಂಗ್ಸ್ ಒಂದೇ ಬದಿಗೆ ಬೀಳುತ್ತದೆ. ಯಾವ ಬದಿಗೆ ಎಂಬುದನ್ನು ಕೂದಲಿಗೇ ಬಿಡಿ. ಒದ್ದೆ ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ, ನೆತ್ತಿಯ ಹಿಂಭಾಗವನ್ನು ಅಂಗೈಯಿಂದ ಮುಂದಕ್ಕೆ ತಳ್ಳಿದರೆ ಅದು ಎಲ್ಲಿ ತಾನಾಗಿ ಸೀಳುತ್ತದೋ ಅದೇ ಅದರ ಸಹಜ ಬೈತಲೆ. ಮುಂದಿನ ಕೂದಲಂಚಿನಲ್ಲಿ ಸುಳಿ ಇದ್ದರೆ ಆ ಬದಿಯ ಬ್ಯಾಂಗ್ಸ್ ಅರ್ಧ ಇಂಚು ಉದ್ದವಾಗಿರಲಿ, ಏಕೆಂದರೆ ಸುಳಿ ಅದನ್ನು ಎತ್ತಿ ಹಿಡಿಯುತ್ತದೆ.

ಸಲೂನಿಗೆ ಹೋಗುವ ದಿನ ಕೂದಲು ತೊಳೆದು, ಎಣ್ಣೆ ಹಾಕದೆ, ಜಡೆಯಾಗಲೀ ಕ್ಲಿಪ್ ಆಗಲೀ ಇಲ್ಲದೆ, ತಾನಾಗಿ ಒಣಗಿದ ಸ್ಥಿತಿಯಲ್ಲಿ ಹೋಗಿ. ಕತ್ತರಿಸುವವರು ನಿಮ್ಮ ಅಲೆಯನ್ನು ಮೊದಲು ನೋಡಬೇಕು. ಬಂದ ಕೂಡಲೇ ತಲೆ ತೊಳೆದರೆ ಆ ಅವಕಾಶ ತಪ್ಪುತ್ತದೆ. ಫೋಟೋ ತೋರಿಸುವುದಾದರೆ ನಿಮ್ಮಂಥದೇ ಅಲೆ ಇರುವವರ ಫೋಟೋ ಆರಿಸಿ, ನೇರ ಕೂದಲಿನ ಮೇಲೆ ಬಿಸಿ ಉಪಕರಣದಿಂದ ಅಲೆ ಮೂಡಿಸಿದ ಚಿತ್ರ ದಾರಿ ತಪ್ಪಿಸುತ್ತದೆ. ಜೊತೆಗೆ ಬೆರಳಿನಿಂದ ಮುಟ್ಟಿ ತೋರಿಸಿ ಹೀಗೆ ಹೇಳಿ: “ಒಣಗಿದ ಮೇಲೆ ಉದ್ದ ಇಲ್ಲಿಗೆ ಬರಬೇಕು, ಮುಖದ ಪಕ್ಕದ ಚಿಕ್ಕ ಎಳೆ ಇಲ್ಲಿ, ದವಡೆಯ ಹತ್ತಿರ ಏನೂ ಮುಗಿಯಬಾರದು. ನನ್ನ ಕೂದಲು ಒಂದೂವರೆ ಇಂಚು ಕುಗ್ಗುತ್ತದೆ.” ಅಳತೆ ತಿಳಿದು ಮಾತನಾಡುವವರ ಮಾತನ್ನು ಒಳ್ಳೆಯ ಕೆಲಸಗಾರರು ಸಂತೋಷದಿಂದಲೇ ಕೇಳಿಸಿಕೊಳ್ಳುತ್ತಾರೆ.

ಕೊನೆಯಲ್ಲಿ ದುಂಡು ಬ್ರಷ್‌ನಿಂದ ಎಳೆದು ಬ್ಲೋ ಡ್ರೈ ಮಾಡಲು ಹೊರಟರೆ ಬೇಡವೆನ್ನಿ. ಎಳೆದ ಕೂದಲಿನಲ್ಲಿ ಯಾವ ಕಟ್ ಆದರೂ ಚೆನ್ನಾಗಿ ಕಾಣುತ್ತದೆ, ಅದರ ನಿಜರೂಪ ಗೊತ್ತಾಗುವುದು ಮನೆಯಲ್ಲಿ ಮೊದಲ ಬಾರಿ ತೊಳೆದಾಗ. ಡ್ರೈಯರ್‌ನ ಬಾಯಿಗೆ ಗಾಳಿಯನ್ನು ಹರಡಿ ಬಿಡುವ ಡಿಫ್ಯೂಸರ್ ಹಾಕಿ, ಕಡಿಮೆ ಗಾಳಿಯಲ್ಲಿ, ಅಲೆ ಕೆಡದಂತೆ ಒಣಗಿಸಿಕೊಂಡು ಕುರ್ಚಿಯಿಂದ ಏಳುವ ಮೊದಲು ಕನ್ನಡಿಯಲ್ಲಿ ನೇರವಾಗಿ ನೋಡಿ. ಎರಡೂ ಬದಿಯ ಕೂದಲಿನ ಹೊರಗೆರೆಯನ್ನು ಕಣ್ಣಿನಿಂದ ಹಿಂಬಾಲಿಸಿದಾಗ ಅದು ಕೆನ್ನೆಮೂಳೆಯ ನೇರಕ್ಕೆ ಹೊರಬಂದು ದವಡೆಯ ನೇರಕ್ಕೆ ಒಳಸರಿಯಬೇಕು. ದವಡೆಯಲ್ಲೇ ಹೊರಬಂದಿದ್ದರೆ ಆ ಒಂದೆರಡು ಎಳೆಗಳ ಒಳತುದಿಯನ್ನು ಕತ್ತರಿಯ ಮೊನೆಯಿಂದ ಹಗುರ ಮಾಡಿಸಬಹುದು. ಉದ್ದವನ್ನು ಇನ್ನಷ್ಟು ಕತ್ತರಿಸಿ ಸರಿಪಡಿಸಲು ಮಾತ್ರ ಬಿಡಬೇಡಿ.

ನಿಮ್ಮ ಕೂದಲಿಗೆ ಹಿಂದೆ ರಾಸಾಯನಿಕವಾಗಿ ಸ್ಮೂದನಿಂಗ್ ಅಥವಾ ಸ್ಟ್ರೈಟನಿಂಗ್ ಮಾಡಿಸಿದ್ದರೆ ಮೇಲಿನ ಅಳತೆಗಳು ಹಾಗೇ ಅನ್ವಯಿಸುವುದಿಲ್ಲ. ಬುಡದಿಂದ ಬೆಳೆದ ಭಾಗದಲ್ಲಿ ಅಲೆ, ಹಳೆಯ ತುದಿಯಲ್ಲಿ ನೇರ ಕೂದಲು ಇರುತ್ತದೆ. ಅಂಥ ಕೂದಲಿನಲ್ಲಿ ಮುಖದ ಪಕ್ಕದ ಚಿಕ್ಕ ಎಳೆಗಳು ಮಾತ್ರ ಉಬ್ಬಿ, ಉಳಿದದ್ದು ಜೋತು ಬೀಳುತ್ತದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುವುದರಿಂದ, ಕೆನ್ನೆಮೂಳೆಯವರೆಗೆ ಸಹಜ ಅಲೆ ಬರುವ ತನಕ ಉದ್ದವನ್ನಷ್ಟೇ ಸರಿಪಡಿಸಿಕೊಂಡು ಬ್ಯಾಂಗ್ಸ್ ಅನ್ನು ಮುಂದೂಡುವುದು ಮೇಲು.

ದವಡೆಯನ್ನು ಮೃದುಗೊಳಿಸುವ ಇಚ್ಛೆಯೇ ನಿಮಗಿಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಸ್ಪಷ್ಟವಾದ ದವಡೆಗೆ ಕಿವಿಯ ಹತ್ತಿರ ಅಂಟಿಕೊಂಡು ನೆತ್ತಿಯಲ್ಲಿ ಎತ್ತರವಿರುವ ಗಿಡ್ಡ ಕಟ್ ಕೂಡ ಬಹಳ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅಲ್ಲಿ ದವಡೆಯ ಪಕ್ಕದಲ್ಲಿ ಕೂದಲೇ ಇರುವುದಿಲ್ಲ. ಆದರೆ ಅದಕ್ಕೆ ಪದೇ ಪದೇ ಕತ್ತರಿ ಬೇಕು, ಮತ್ತು ಅಲ್ಲಿಂದ ಬೆಳೆಸುವಾಗ ದವಡೆಯ ಮಟ್ಟವನ್ನು ದಾಟಿಯೇ ಬರಬೇಕು. ಬಾಬ್‌ನ ಅನುಭವ ಆಗಿರುವ ನಿಮಗೆ ಸದ್ಯಕ್ಕೆ ಅದನ್ನು ಸೂಚಿಸಲಾರೆ.

ಕಟ್ ಆದ ಮೇಲೆ ಒದ್ದೆ ಕೂದಲಿಗೆ ತೊಳೆಯದೆ ಬಿಡುವ ಕಂಡೀಷನರ್ ಸ್ವಲ್ಪ, ಅದರ ಮೇಲೆ ಹಗುರವಾದ ಜೆಲ್ ಹಚ್ಚಿ, ಅಂಗೈಯಲ್ಲಿ ತುದಿಯಿಂದ ಮೇಲಕ್ಕೆ ಹಿಸುಕಿ ಒಣಗಲು ಬಿಟ್ಟರೆ ಅಲೆ ತನ್ನ ಜಾಗದಲ್ಲಿ ನಿಲ್ಲುತ್ತದೆ. ಬ್ಯಾಂಗ್ಸ್ ಅನ್ನು ಮಾತ್ರ ಮೊದಲ ಐದು ನಿಮಿಷದಲ್ಲೇ ಬೆರಳಿನಿಂದ ಎರಡೂ ಬದಿಗೆ ಸರಿಸಿ, ಬುಡವನ್ನು ಮುಂದಕ್ಕೆ ತಳ್ಳಿ ಒಣಗಿಸಿ. ಒಮ್ಮೆ ತಪ್ಪು ದಿಕ್ಕಿನಲ್ಲಿ ಒಣಗಿದರೆ ಮತ್ತೆ ಒದ್ದೆ ಮಾಡದೆ ಅದು ತಿರುಗುವುದಿಲ್ಲ. ಬ್ಯಾಂಗ್ಸ್‌ಗೆ ಆರರಿಂದ ಎಂಟು ವಾರಕ್ಕೊಮ್ಮೆ, ಉಳಿದ ಕೂದಲಿಗೆ ಹತ್ತರಿಂದ ಹನ್ನೆರಡು ವಾರಕ್ಕೊಮ್ಮೆ ಕತ್ತರಿ ಸಾಕು. ದಿನ ಎಣಿಸುವುದಕ್ಕಿಂತ ಕೂದಲನ್ನು ನೋಡಿ ನಿರ್ಧರಿಸುವುದು ಇನ್ನೂ ಒಳ್ಳೆಯದು: ಪಕ್ಕದ ಚಿಕ್ಕ ಎಳೆ ಬಾಯಿಯ ಮೂಲೆಯನ್ನು ದಾಟಿ, ಅದರ ಉಬ್ಬು ದವಡೆಯ ಕಡೆಗೆ ಇಳಿಯತೊಡಗಿದೆ ಎಂದರೆ ಸಮಯ ಬಂದಿದೆ. ಆಗ ಉದ್ದವನ್ನು ಮುಟ್ಟದೆ, ಮುಖದ ಪಕ್ಕದ ಎಳೆಗಳನ್ನು ಮಾತ್ರ ಮತ್ತೆ ಕೆನ್ನೆಮೂಳೆಯ ಮಟ್ಟಕ್ಕೆ ಏರಿಸಿಕೊಡಿ ಎಂದು ಕೇಳಿ.